ಕಟ್ಟಿಗೆ ಕಡಿಮೆ ಮಾಡ್ರಿ, ಇಟ್ಟಿಗೆ ಬಿಡಬ್ಯಾಡ್ರಿ
(ಹುಬ್ಬಳ್ಳಿಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಮನೆಯವರಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಕಾಲು ಮುರಿದು ಹಾಸಿಗೆ ಹಿಡಿದವರು ನಿಮ್ಮಲ್ಲಿ ಬಹಳ ಜನರ ಮನ್ಯಾಗ ಅದಾರ. ಆದ್ದರಿಂದ ಆಪರೇಷನ್ ಏನು, ಪ್ಲೇಟು ಏನು ಅಂತ ವಿವರಿಸುವುದಿಲ್ಲ. ಮನೆಗೆ ಬಂದ ಮೇಲೆ ಹೊಟ್ಟೆ ಯಾಕೆ ಬೆಳೆಯುತ್ತದೆ, ಅದನ್ನು ಎಲುಬಿಗೆ ಧಕ್ಕೆಯಾಗದಂತೆ ಹೇಗೆ ತಡೆಯಬೇಕು, ಇಷ್ಟನ್ನೇ ಹೇಳುತ್ತೇನೆ.

ಒಂದು ಲೆಕ್ಕದಿಂದ ಶುರು ಮಾಡೋಣ. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಒಬ್ಬ ಹಮಾಲರನ್ನು ತಗೊಳ್ರಿ. ವಯಸ್ಸು 45, ತೂಕ 70 ಕಿಲೊ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಮುರಿದಿದೆ, ಪ್ಲೇಟು ಹಾಕಿದ್ದಾರೆ. ಹತ್ತು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಚೀಲ ಹೊರುವಾಗ ಅವರಿಗೆ ದಿನಕ್ಕೆ 3000 ಕ್ಯಾಲರಿ ಬೇಕಿತ್ತು, ಎಂಟು ರೊಟ್ಟಿ ಉಂಡರೂ ಕರಗುತ್ತಿತ್ತು. ಮಲಗಿದ ಮೇಲೆ ಎಲುಬು ಕೂಡುವ ಖರ್ಚನ್ನೂ ಸೇರಿಸಿ ಸುಮಾರು 2000 ಸಾಕು. ಅವರೂ ಐದೇ ರೊಟ್ಟಿ ಉಣ್ಣುತ್ತಾರೆ. ಮನೆಯವರು ‘ಮೊದಲಿನಂಗ ಉಣ್ಣೂದ ಇಲ್ಲ, ಆದ್ರೂ ದಪ್ಪ ಆಗ್ಯಾರ’ ಅಂತಾರೆ. ಅವರು ಹೇಳುವುದು ಸುಳ್ಳಲ್ಲ. ಊಟ ನಿಜವಾಗಿಯೂ ಕಡಿಮೆಯಾಗಿದೆ. ಹೆಚ್ಚಾದದ್ದು ಊಟದ ಲೆಕ್ಕಕ್ಕೆ ಬಾರದ ತಿನಿಸು.

ಏನದು? ದಿನಕ್ಕೊಂದು ಅಂಟಿನ ಉಂಡಿ. ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ ಸೇರಿಸಿ ಕಟ್ಟಿದ 50 ಗ್ರಾಮಿನ ಉಂಡಿಯಲ್ಲಿ ಹೆಚ್ಚುಕಡಿಮೆ 240 ಕ್ಯಾಲರಿ. ಮಾತಾಡಿಸಲು ಬಂದವರ ಜೊತೆಗೆಲ್ಲ ಒಂದೊಂದು ಚಾ, ದಿನಕ್ಕೆ ಆರು. ಒಂದರಲ್ಲಿ ಎರಡು ಚಮಚ ಸಕ್ಕರಿ ಅಂದರೂ ಬರೀ ಸಕ್ಕರಿಯದೇ 240. ರೊಟ್ಟಿಗೆ ಹೆಚ್ಚಿಗೆ ಹಾಕಿದ ಎರಡು ಚಮಚ ತುಪ್ಪ, 90. ಒಟ್ಟು 570. ಹತ್ತು ವಾರಕ್ಕೆ ಸುಮಾರು 40 ಸಾವಿರ. ಒಂದು ಕಿಲೊ ಕೊಬ್ಬಿಗೆ ಸುಮಾರು 7700 ಕ್ಯಾಲರಿ ಹಿಡಿದರೆ ಐದು ಕಿಲೊ ಆಯಿತು. ದೇಹ ಈ ಲೆಕ್ಕವನ್ನು ಅಕ್ಷರಶಃ ಪಾಲಿಸುವುದಿಲ್ಲ, ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ನೋಡಲು ಬಂದವರು ಕೈಯಲ್ಲಿ ಹಿಡಿದು ತಂದ ಪೇಢಾ ಇದರಲ್ಲಿ ಸೇರಿಲ್ಲ. ಧಾರವಾಡ ಪಕ್ಕದಲ್ಲೇ ಇರುವಾಗ ಅದನ್ನೂ ನೆನಪಿಡಬೇಕಾಗುತ್ತದೆ!

ಉಂಡಿಯ ವಿಷಯ ಇನ್ನಷ್ಟು ಹೇಳಬೇಕು. ‘ತಿನ್ನೋ ತಮ್ಮಾ, ಅಂಟು ತಿಂದ್ರ ಎಲುಬು ಅಂಟಿಕೋತಾವ’ ಅಂತ ಅವ್ವ ಪ್ರೀತಿಯಿಂದ ಕೈಗಿಡುತ್ತಾರೆ. ಅಂಟು ಎಲುಬನ್ನು ಅಂಟಿಸುವುದಿಲ್ಲ. ಮುರಿದ ಜಾಗದಲ್ಲಿ ದೇಹ ಮೊದಲು ನಾರಿನಂಥ ಜಾಲ ನೇಯುತ್ತದೆ, ಅದು ಪ್ರೋಟೀನಿನದು. ಆ ಜಾಲದ ಮೇಲೆ ಕ್ಯಾಲ್ಸಿಯಂ ಕೂಡುತ್ತದೆ. ಅಲ್ಲಿಗೆ ರಕ್ತ ಚೆನ್ನಾಗಿ ಹರಿಯಬೇಕು, ಬೀಡಿ ಸಿಗರೇಟು ಅದಕ್ಕೇ ಅಡ್ಡ. ಉಂಡಿಯಲ್ಲಿ ಇರುವುದು ಮುಖ್ಯವಾಗಿ ಬೆಲ್ಲ ತುಪ್ಪ, ಅಂದರೆ ಒಲೆಗೆ ಹಾಕುವ ಕಟ್ಟಿಗೆ. ಎಲುಬಿಗೆ ಬೇಕಾದದ್ದು ಗೋಡೆ ಕಟ್ಟುವ ಇಟ್ಟಿಗೆ. ಆಪರೇಷನ್ ಆದ ಮೊದಲ ಒಂದೆರಡು ವಾರ ಬಾಯಿಗೆ ಏನೂ ರುಚಿಸದೆ ಊಟವೇ ಸೇರದವರಿಗೆ ಉಂಡಿ ಒಳ್ಳೆಯದೇ, ಕೊಡ್ರಿ. ಹಸಿವು ಮರಳಿದ ಮೇಲೆ ಅರ್ಧ ಉಂಡಿ, ಅದೂ ಅರ್ಧ ರೊಟ್ಟಿ ಬಿಟ್ಟು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹೊಟ್ಟೆ ಬಂತು ಅಂತ ಹೆದರಿ ರಾತ್ರಿ ಊಟ ಬಿಡುವುದು, ಬರೀ ಗಂಜಿ ಕುಡಿಯುವುದು. ಮಲಗಿದ ಕಾಲಿನ ಸ್ನಾಯು ಮೊದಲ ವಾರದಿಂದಲೇ ಸವೆಯತೊಡಗುತ್ತದೆ. ಅದರ ಜೊತೆ ಉಪವಾಸವೂ ಸೇರಿದರೆ ಸ್ನಾಯು ಇನ್ನೂ ಬೇಗ ಕರಗುತ್ತದೆ, ಗಾಯ ತಡವಾಗಿ ಮಾಯುತ್ತದೆ. ಅದಕ್ಕೇ ಮತ್ತೆ ಹೇಳುತ್ತೇನೆ: ಕಟ್ಟಿಗೆ ಕಡಿಮೆ ಮಾಡ್ರಿ, ಇಟ್ಟಿಗೆ ಬಿಡಬ್ಯಾಡ್ರಿ.

ಇಟ್ಟಿಗೆ ಎಷ್ಟು? ಒಂದು ಕಿಲೊ ತೂಕಕ್ಕೆ ದಿನಕ್ಕೆ 1.2 ಗ್ರಾಮ್ ಪ್ರೋಟೀನ್ ಹಿಡಿಯೋಣ. ನಮ್ಮ ಹಮಾಲರಿಗೆ 84 ಗ್ರಾಮ್. ಇದಕ್ಕೆ ಡಬ್ಬಿ ಪೌಡರ್ ಬೇಕಿಲ್ಲ. ಐದು ಜೋಳದ ರೊಟ್ಟಿಯಲ್ಲೇ ಸುಮಾರು 30 ಗ್ರಾಮ್ ಇದೆ. ಎರಡು ಬಟ್ಟಲು ಗಟ್ಟಿ ಬ್ಯಾಳಿ, ತಿಳಿ ಸಾರಲ್ಲ, ಇದರಿಂದ 14. ಮಡಿಕಿಕಾಳು ಅಥವಾ ಹೆಸರುಕಾಳಿನ ಪಲ್ಯ ಒಂದು ಬಟ್ಟಲು, 7. ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು, ಎರಡೂ ಸೇರಿ 12. ಎರಡು ತತ್ತಿ, ಮತ್ತೆ 12. ಒಂದು ಹಿಡಿ ಹುರಿದ ಶೇಂಗಾ, 7. ಕೂಡಿಸಿದರೆ 82 ಆಯಿತು, ಕ್ಯಾಲರಿಯೂ 2000ದ ಆಸುಪಾಸು. ತತ್ತಿ ತಿನ್ನದವರು 25 ಗ್ರಾಮ್ ಸೋಯಾ ಚಂಕ್ಸ್ ನೆನೆಸಿ ಪಲ್ಯಕ್ಕೆ ಹಾಕಬಹುದು. ಎಲ್ಲವನ್ನೂ ರಾತ್ರಿಯ ಊಟಕ್ಕೇ ತುಂಬದೆ ಮೂರು ಹೊತ್ತಿಗೆ ಹಂಚಬೇಕು. ಶೇಂಗಾದಲ್ಲಿ ಇಟ್ಟಿಗೆ ಕಟ್ಟಿಗೆ ಎರಡೂ ಇವೆ, ಹಾಗಾಗಿ ಒಂದು ಹಿಡಿಗೆ ನಿಲ್ಲಿಸ್ರಿ.

ಇಲ್ಲಿ ಎರಡು ಎಚ್ಚರಿಕೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಹೊಂದುವುದಿಲ್ಲ, ಡಾಕ್ಟರ್ ಹೇಳಿದಷ್ಟೇ ಕೊಡಬೇಕು. ಸಕ್ಕರಿ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲೇ ಡಾಕ್ಟರನ್ನು ಕೇಳಬೇಕು. ಇಲ್ಲದಿದ್ದರೆ ಸಕ್ಕರಿ ಒಮ್ಮೆಲೇ ಇಳಿದು ಬೆವರು, ನಡುಕ, ತಲೆತಿರುಗು ಬರಬಹುದು.

ಇನ್ನು ಅಳತೆ. ಒಂಟಿ ಕಾಲಿನ ಮೇಲೆ ತೂಕದ ಯಂತ್ರ ಹತ್ತಿಸಬೇಡ್ರಿ, ಬಿದ್ದರೆ ಇನ್ನೊಂದು ಮುರಿತ. ಯಂತ್ರ ತಪ್ಪು ದಾರಿಯನ್ನೂ ಹಿಡಿಸುತ್ತದೆ: ಎರಡು ಕಿಲೊ ಸ್ನಾಯು ಹೋಗಿ ಎರಡು ಕಿಲೊ ಕೊಬ್ಬು ಬಂದರೆ ಮುಳ್ಳು ಕದಲುವುದೇ ಇಲ್ಲ. ದರ್ಜಿಯ ಟೇಪು ಸಾಕು. ವಾರಕ್ಕೊಮ್ಮೆ, ಬೆಳಿಗ್ಗೆ ತಿಂಡಿಗೆ ಮೊದಲು, ಅಂಗಾತ ಮಲಗಿದಾಗ ಹೊಕ್ಕುಳ ಮಟ್ಟದ ಸುತ್ತಳತೆ ಬರೆದಿಡ್ರಿ. ಒಳ್ಳೆಯ ಕಾಲಿನಲ್ಲಿ ಮೊಣಕಾಲ ಚಿಪ್ಪಿನ ಮೇಲಂಚಿನಿಂದ ಹತ್ತು ಸೆಂಟಿಮೀಟರ್ ಮೇಲೆ ಪೆನ್ನಿನಿಂದ ಗುರುತು ಮಾಡಿ ತೊಡೆಯ ಸುತ್ತಳತೆಯನ್ನೂ ಬರೀರಿ. ಹೊಟ್ಟೆ ಏರಿ ತೊಡೆ ಇಳಿದರೆ ಕಟ್ಟಿಗೆ ಹೆಚ್ಚು, ಇಟ್ಟಿಗೆ ಅಥವಾ ವ್ಯಾಯಾಮ ಕಡಿಮೆ ಅಂತ ಅರ್ಥ. ಎರಡೂ ಇಳಿದರೆ ಊಟವೇ ಸಾಲುತ್ತಿಲ್ಲ.

ಚೀಟಿ ಬಂದಿದೆ, ಇನ್ನು ಐದೇ ನಿಮಿಷ ಅಂತೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಾಸಿಗೆಯ ವ್ಯಾಯಾಮದಿಂದ ಕರಗುವ ಕ್ಯಾಲರಿ ಬಹಳ ಕಡಿಮೆ. ಅದು ಸ್ನಾಯು ಉಳಿಸಲಿಕ್ಕೆ, ರಕ್ತ ಹರಿಯಲಿಕ್ಕೆ. ಆಪರೇಷನ್ ಮಾಡಿದ ಡಾಕ್ಟರ್ ಒಪ್ಪಿದರೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ತೊಡೆಯನ್ನು ಐದು ಎಣಿಸುವತನಕ ಬಿಗಿ ಹಿಡಿದು ಬಿಡುವುದು, ಹತ್ತು ಹತ್ತು ಸಲ, ಎಚ್ಚರವಿದ್ದಾಗ ಎರಡು ತಾಸಿಗೊಮ್ಮೆ. ಕೈಗೆ ಒಂದು ಲೀಟರಿನ ನೀರಿನ ಬಾಟಲಿ ಸಾಕು, ಅದೇ ಒಂದು ಕಿಲೊ. ಎತ್ತುವಾಗ ಉಸಿರು ಹಿಡಿಯಬಾರದು. ಬೆನ್ನೆಲುಬಿಗೆ ಪೆಟ್ಟಾದವರು ಡಾಕ್ಟರ್ ಹೇಳದ ಹೊರತು ಇದ್ಯಾವುದನ್ನೂ ಮಾಡಬಾರದು.

ನೀರು. ಬೆಡ್‌ಪ್ಯಾನ್ ಕೇಳಲಿಕ್ಕೆ ನಾಚಿ ಬಹಳ ಮಂದಿ, ಅದರಲ್ಲೂ ಹೆಣ್ಣುಮಕ್ಕಳು, ನೀರನ್ನೇ ಬಿಡುತ್ತಾರೆ. ನೋವಿನ ಕೆಲವು ಮಾತ್ರೆಗಳು ಮೊದಲೇ ಮಲ ಗಟ್ಟಿ ಮಾಡುತ್ತವೆ, ನೀರಿಲ್ಲದಿದ್ದರೆ ಹೊಟ್ಟೆ ಉಬ್ಬಿ ಅದೂ ದಪ್ಪದಂತೆ ಕಾಣುತ್ತದೆ. ಕೇಳುವ ಮೊದಲೇ ನೀವು ಹೊತ್ತಿಗೆ ಸರಿಯಾಗಿ ಬೆಡ್‌ಪ್ಯಾನ್ ಕೊಟ್ಟರೆ ಅವರು ನೀರು ಕುಡಿಯುತ್ತಾರೆ.

ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಸ್ಟೀರಾಯ್ಡ್ ಮಾತ್ರೆ, ಇವುಗಳಿಂದಲೂ ತೂಕ ಏರಬಹುದು. ಡಾಕ್ಟರನ್ನು ಕೇಳ್ರಿ, ಆದರೆ ನೀವಾಗಿ ನಿಲ್ಲಿಸಬೇಡ್ರಿ.

ಕೊನೆಯದು. ಎರಡು ಮೂರು ದಿನದಲ್ಲಿ ಮುಖ, ಕಾಲು ಉಬ್ಬಿದರೆ ಅದು ಕೊಬ್ಬಲ್ಲ, ನೀರು ತುಂಬಿದ್ದು, ಡಾಕ್ಟರಿಗೆ ತೋರಿಸ್ರಿ. ಒಂದೇ ಕಾಲು ಬಾತು ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕಲೇಬಾರದು, ಹೆಪ್ಪು ಬಿಟ್ಟುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಮ್ಮೆಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಕಾಯದೆ 108ಕ್ಕೆ ಫೋನ್ ಮಾಡ್ರಿ.