ಸಾಲ ತಂದರೂ ತೆರಿಗೆ ತಪ್ಪದು

ಕೇಳುಗರಿಗೆ ನಮಸ್ಕಾರ.

ಖರ್ಚು ಹೆಚ್ಚಿತು, ತೆರಿಗೆ ಹೆಚ್ಚಲಿಲ್ಲ ಎಂದರೆ ನಡುವಿನ ಅಂತರವನ್ನು ಸರ್ಕಾರ ಸಾಲಪತ್ರ ಮಾರಿ ತುಂಬಿಕೊಳ್ಳುತ್ತದೆ. ಬಡ್ಡಿ ಕೊಡುವ ದಿನ, ಅಸಲು ತೀರಿಸುವ ದಿನ ಎರಡೂ ಆ ಪತ್ರದಲ್ಲೇ ನಿಗದಿಯಾಗಿರುತ್ತವೆ. ಇಂದು ಕೇಳದೆ ಬಿಟ್ಟ ತೆರಿಗೆಯನ್ನು ಕೇಳಬೇಕಾದ ದಿನಗಳು ಅವು.

ಇದನ್ನು 1820ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ. ಯುದ್ಧವೊಂದಕ್ಕೆ 2 ಕೋಟಿ ಪೌಂಡ್ ಬೇಕು, ಬಡ್ಡಿ ಶೇ 5 ಎಂದಿಟ್ಟುಕೊಳ್ಳಿ. ಒಂದೇ ಸಲ 2 ಕೋಟಿ ತೆರಿಗೆ ಎತ್ತಬಹುದು. ಇಲ್ಲವೇ ಸಾಲ ತಂದು, ಬಡ್ಡಿಗೆಂದು ವರ್ಷಕ್ಕೆ 10 ಲಕ್ಷ ಪೌಂಡ್ ತೆರಿಗೆಯನ್ನು ಕೊನೆಯಿಲ್ಲದೆ ಎತ್ತುತ್ತಿರಬಹುದು. 2 ಕೋಟಿಯನ್ನು ಶೇ 5ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ ಬರುವುದೂ 10 ಲಕ್ಷವೇ, ಹಾಗಾಗಿ ಇಂದಿನ ಬೆಲೆಗೆ ಇಳಿಸಿದರೆ ಎರಡೂ ಸಮ. ಆದರೆ ಜನ ಹಾಗೆ ಎಣಿಸುವುದಿಲ್ಲ, ಆ ವರ್ಷ ಕೊಟ್ಟಷ್ಟನ್ನೇ ಹೊರೆ ಎಂದುಕೊಳ್ಳುತ್ತಾರೆ ಎಂದೂ ರಿಕಾರ್ಡೊ ಹೇಳಿದ್ದರು. ನನಗೆ ಅವರ ಲೆಕ್ಕಕ್ಕಿಂತ ಈ ಮಾತೇ ದೊಡ್ಡದಾಗಿ ಕಾಣುತ್ತದೆ.

ಹಳೆಯ ಸಾಲವನ್ನು ಹೊಸ ಸಾಲದಿಂದ ತೀರಿಸುತ್ತ ಹೋದರಾಯಿತಲ್ಲ ಎನ್ನಬಹುದು. ಅಸಲಿನ ಮಟ್ಟಿಗೆ ಸರ್ಕಾರಗಳು ಮಾಡುವುದೂ ಅದನ್ನೇ. ಬಡ್ಡಿಯನ್ನೂ ಸಾಲದಿಂದಲೇ ಕಟ್ಟತೊಡಗಿದರೆ ಮಾತ್ರ ಶೇ 7ರ ದರದಲ್ಲಿ 100 ಕೋಟಿಯ ಸಾಲ ಹತ್ತು ವರ್ಷಕ್ಕೆ ಸುಮಾರು 197 ಕೋಟಿ, ಇಪ್ಪತ್ತು ವರ್ಷಕ್ಕೆ ಸುಮಾರು 387 ಕೋಟಿ ಆಗುತ್ತದೆ.

ಇಷ್ಟಾದರೂ ಸಾಲ ಮಾಡಿದ ದೇಶಗಳೆಲ್ಲ ಮುಳುಗುವುದಿಲ್ಲ. ದೇಶದ ಆದಾಯವೂ ಬೆಳೆಯುತ್ತದೆ, ಅದರ ಜೊತೆ ತೆರಿಗೆಯ ಬುಡವೂ ಹಿಗ್ಗುತ್ತದೆ. ದೇಶದ ಆದಾಯ 100, ಸಾಲ 60, ಬಡ್ಡಿ ಶೇ 7 ಎನ್ನೋಣ. ವರ್ಷ ಕಳೆದಾಗ ಬಡ್ಡಿ ಸೇರಿ ಸಾಲ 64.2. ಬೆಲೆಯೇರಿಕೆಯೂ ಸೇರಿ ಆದಾಯ ಶೇ 10ರಷ್ಟು ಬೆಳೆದು 110 ಆಗಿದ್ದರೆ, ಅದರ ಶೇ 60 ಎಂದರೆ 66. ಹಾಗಾಗಿ ಇನ್ನು 1.8ರಷ್ಟು ಸಾಲ ತಂದರೂ ಆದಾಯದೆದುರು ಸಾಲದ ಪಾಲು ಮೊದಲಿನಷ್ಟೇ ಇರುತ್ತದೆ. ಬೆಳವಣಿಗೆ ಶೇ 4ಕ್ಕೆ ಕುಸಿದರೋ? ಆದಾಯ 104, ಅದರ ಶೇ 60 ಬರೀ 62.4. ಅದೇ 1.8 ಈಗ ತಿರುಗಿ ನಿಲ್ಲುತ್ತದೆ. ಬಡ್ಡಿ ಬಿಟ್ಟು ಉಳಿದ ಖರ್ಚಿಗಿಂತ ಅಷ್ಟು ಹೆಚ್ಚು ವರಮಾನ ಎತ್ತಬೇಕು, ಇಲ್ಲವೇ ಖರ್ಚನ್ನು ಅಷ್ಟು ಕಡಿತ ಮಾಡಬೇಕು. ಅದೂ ದುಡಿಮೆ ಮಂದವಾಗಿ ತೆರಿಗೆ ಸೊರಗಿರುವ ವರ್ಷದಲ್ಲೇ.

ನೋಟು ಮುದ್ರಿಸಿ ತೀರಿಸಲು ಹೊರಟರೆ ಬೆಲೆಗಳು ಏರುತ್ತವೆ. ಕೈಯಲ್ಲಿ ನಗದು ಇಟ್ಟುಕೊಂಡವರು ರಸೀದಿಯಿಲ್ಲದೆ ತೆತ್ತ ತೆರಿಗೆ ಅದು.

ಬಜೆಟ್ ಬಂದಾಗ ಒಂದು ಕಳೆಯುವ ಲೆಕ್ಕ ಮಾಡಿ ನೋಡಿ. ಖರ್ಚಿಗೂ ವರಮಾನಕ್ಕೂ ನಡುವೆ ಸಾಲದಿಂದ ತುಂಬುವ ಅಂತರವೇ ವಿತ್ತೀಯ ಕೊರತೆ. ಅದರಿಂದ ಬಡ್ಡಿ ಪಾವತಿಯನ್ನು ಕಳೆಯಿರಿ. ಉಳಿಯುವುದು ಪ್ರಾಥಮಿಕ ಕೊರತೆ. ಅಲ್ಲಿ ಸೊನ್ನೆಗಿಂತ ಹೆಚ್ಚೇ ಉಳಿದರೆ, ಆ ವರ್ಷದ ಬಡ್ಡಿಯಷ್ಟೂ ಸಾಲದ ಹಣದಿಂದಲೇ ಹೋಗುತ್ತಿದೆ, ಅದರ ಮೇಲೆ ಇನ್ನಷ್ಟು ಸಾಲವೂ ಸೇರುತ್ತಿದೆ. ಬೆಳವಣಿಗೆಯ ದರ ಬಡ್ಡಿ ದರಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ಈ ಕೊರತೆಗೆ ಎಷ್ಟು ಜಾಗ ಉಳಿದಿದೆ ಎಂದು ತಿಳಿಯುತ್ತದೆ.

ನಮಸ್ಕಾರ.