ಆ ಸ್ಲೈಡ್ ಹತ್ತನೇ ನಿಮಿಷಕ್ಕೆ ಬರಲಿ

ನಮಸ್ಕಾರ. ಇವತ್ತು ಒಂದೇ ಒಂದು ಪ್ರೆಸೆಂಟೇಷನ್ ಬಗ್ಗೆ ಮಾತಾಡ್ತೀನಿ. ಇಪ್ಪತ್ತು ನಿಮಿಷದ್ದು. ಅದನ್ನ ನಾನು ಎರಡು ಸಲ ಮಾಡಿದೀನಿ. ಎರಡೂ ಸಲ ಅಂಕಿಗಳು ಅವೇ, ಬದಲಾಗಿದ್ದು ಅವು ತೆರೆ ಮೇಲೆ ಬಂದ ಕ್ರಮ ಮಾತ್ರ. ಮೊದಲನೇ ಸಲ ಜನ ಸುಮ್ಮನೆ ಕೂತು ಎದ್ದು ಹೋದ್ರು. ಎರಡನೇ ಸಲ ಅರ್ಧದಲ್ಲೇ ಒಬ್ಬರು "ತಡೀರಿ, ಇದು ಹೇಗೆ ಸಾಧ್ಯ?" ಅಂತ ಕೇಳಿದ್ರು.

ವಿಷಯ ಇದು. 1973ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಗಳಿಗೆ ಬಂದ ಅರ್ಜಿಗಳು. ಅತಿ ಹೆಚ್ಚು ಅರ್ಜಿ ಬಂದ ಆರು ವಿಭಾಗಗಳನ್ನಷ್ಟೇ ತಗೊಳ್ಳೋಣ. 2,691 ಗಂಡಸರು ಅರ್ಜಿ ಹಾಕಿದ್ರು, ಅವರಲ್ಲಿ ನೂರಕ್ಕೆ 45 ಜನಕ್ಕೆ ಸೀಟು ಸಿಕ್ಕಿತು. 1,835 ಹೆಂಗಸರು ಅರ್ಜಿ ಹಾಕಿದ್ರು, ಸೀಟು ಸಿಕ್ಕಿದ್ದು ನೂರಕ್ಕೆ 30 ಜನಕ್ಕೆ. ಇಡೀ ವಿಶ್ವವಿದ್ಯಾಲಯದ ಲೆಕ್ಕ ಬೇರೆ ಇದೆ, 44 ಮತ್ತು 35. ಅದನ್ನ ನಾನು ಬೇಕಂತಲೇ ಬಿಟ್ಟೆ. ಮೊದಲು 35 ತೋರಿಸಿ ಆಮೇಲೆ 30 ತೋರಿಸಿದ್ರೆ, "ಇದು ಯಾಕೆ ಬದಲಾಯ್ತು?" ಅಂತ ಕೇಳುವವರ ತಲೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಮೊದಲ ಸಲ ನಾನು ಮಾಡಿದ್ದ ತಪ್ಪು ಹೇಳ್ತೀನಿ. ಮೂರನೇ ಸ್ಲೈಡಿನಲ್ಲೇ ಆರು ವಿಭಾಗ, ಗಂಡಸರು, ಹೆಂಗಸರು, ಅರ್ಜಿ, ಶೇಕಡಾವಾರು, ಎಲ್ಲಾ ಸೇರಿಸಿ ಒಂದು ಟೇಬಲ್ ಹಾಕಿದ್ದೆ. ಇಪ್ಪತ್ನಾಲ್ಕು ಅಂಕಿ ಒಟ್ಟಿಗೆ. ಶೀರ್ಷಿಕೆಯಲ್ಲೇ "ಸಿಂಪ್ಸನ್ ವಿರೋಧಾಭಾಸ" ಅಂತ ಬರೆದಿದ್ದೆ. ಅಂದ್ರೆ ಕಥೆ ಶುರುವಾಗೋ ಮೊದಲೇ ಉತ್ತರ ಕೈಗೆ ಕೊಟ್ಟಿದ್ದೆ. ಉಳಿದ ಹದಿನೈದು ನಿಮಿಷ ನಾನು ಆ ಟೇಬಲ್ಲನ್ನ ಓದಿ ಹೇಳ್ತಾ ಇದ್ದೆ, ಅವರು ಅದನ್ನ ಆಗಲೇ ಕಣ್ಣಲ್ಲಿ ಓದಿ ಮುಗಿಸಿದ್ರು. ಜನ ಕೇಳೋದಕ್ಕಿಂತ ಬೇಗ ಓದ್ತಾರೆ. ತೆರೆ ಮೇಲೆ ಇರೋದನ್ನೆಲ್ಲ ಅವರು ಓದಿ ಮುಗಿಸಿದ ಮೇಲೆ ನಿಮ್ಮ ಮಾತಿಗೆ ಕೆಲಸವೇ ಇರಲ್ಲ.

ಎರಡನೇ ಸಲ ಹೀಗೆ ಮಾಡಿದೆ. ಮೊದಲ ಸ್ಲೈಡಿನಲ್ಲಿ ವರ್ಷ, ಸ್ಥಳ. ಎರಡನೆಯದರಲ್ಲಿ ದೊಡ್ಡದಾಗಿ ಎರಡೇ ಅಂಕಿ: 45, 30. ಮೂರನೆಯದರಲ್ಲಿ ಒಂದು ಪ್ರಶ್ನೆ: ಇಲ್ಲಿ ಹೆಂಗಸರಿಗೆ ಅನ್ಯಾಯ ಆಗಿದೆಯೇ? ಹೌದು ಅನ್ನೋರು ಕೈ ಎತ್ತಿ ಅಂದೆ. ಈ ಕೈ ಎತ್ತಿಸೋದನ್ನ ಬಿಡಬಾರದು. ಅಚ್ಚರಿ ಹುಟ್ಟೋದು ಒಂದು ನಂಬಿಕೆ ಮುರಿದಾಗ. ಕೇಳುವವರು ಇನ್ನೂ ಏನನ್ನೂ ನಂಬಿಲ್ಲ ಅಂದ್ರೆ ಮುರಿಯೋದಕ್ಕೆ ಏನಿದೆ? ತಿರುವನ್ನು ಮೊದಲಲ್ಲೇ ಇಟ್ಟರೆ ಕೆಲಸ ಮಾಡದೇ ಇರೋದು ಇದಕ್ಕೇ.

ನಾಲ್ಕನೇ ಸ್ಲೈಡಿನಲ್ಲಿ, ಇಷ್ಟು ಅಂತರ ಬರೀ ಆಕಸ್ಮಿಕ ಅಂತ ತಳ್ಳಿಹಾಕೋಕಾಗಲ್ಲ ಅಂತ ಹೇಳಿದೆ. ಐದನೆಯದರಲ್ಲಿ, "ಹಾಗಾದ್ರೆ ಯಾವ ವಿಭಾಗ ಇದನ್ನ ಮಾಡ್ತಿದೆ? ಒಂದೊಂದಾಗಿ ನೋಡೋಣ." ಇಷ್ಟಕ್ಕೆ ಎಂಟು ನಿಮಿಷ.

ಇಲ್ಲಿಂದ ಮುಂದೆ ಎಲ್ಲಾ ನಿಂತಿರೋದು ಕ್ರಮದ ಮೇಲೆ. ವಿಭಾಗಗಳಿಗೆ ಎ ಇಂದ ಎಫ್ ತನಕ ಹೆಸರಿದೆ. ಅದೇ ಕ್ರಮದಲ್ಲಿ ಹೋದ್ರೆ ಮೊದಲಿಗೇ ಎ ಸಿಗುತ್ತೆ, ಅತಿ ದೊಡ್ಡ ಅಚ್ಚರಿ ಅಲ್ಲೇ ಇದೆ. ನಾನು ಸಿ ಇಂದ ಶುರು ಮಾಡಿದೆ: ಗಂಡಸರು 37, ಹೆಂಗಸರು 34. ಜನ ತಲೆ ಆಡಿಸಿದ್ರು. ಮುಂದೆ ಇ: 28 ಮತ್ತು 24. ಮತ್ತೆ ಹೌದು. ಆಮೇಲೆ ಎಫ್: 6 ಮತ್ತು 7. ಹೆಂಗಸರೇ ಒಂದು ಹೆಜ್ಜೆ ಮುಂದೆ. ಡಿ: 33 ಮತ್ತು 35. ಬಿ: 63 ಮತ್ತು 68. ಕೊನೆಗೆ ಎ, ಗಂಡಸರು 62, ಹೆಂಗಸರು 82. ಆ ಸ್ಲೈಡಿನಲ್ಲಿ ಬೇರೆ ಒಂದು ಅಕ್ಷರವೂ ಇರಲಿಲ್ಲ. ನಂಬಿಕೆ ಮೊದಲು ಗಟ್ಟಿಯಾಯ್ತು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸವೆದು, ಕೊನೆಗೆ ಮುರಿಯಿತು.

ಇದು ಮೋಸ ಅಲ್ವಾ ಅಂತ ಕೇಳಬಹುದು. ಇಲ್ಲ, ಆದರೆ ಒಂದು ಷರತ್ತಿದೆ. ಯಾವ ಅಂಕಿಯನ್ನೂ ಬಚ್ಚಿಡಬಾರದು, ಮತ್ತು ತಕ್ಷಣದ ಸ್ಲೈಡಿನಲ್ಲಿ ಆರೂ ವಿಭಾಗ ಒಟ್ಟಿಗೆ ಕಾಣಬೇಕು. ಆರರಲ್ಲಿ ನಾಲ್ಕರಲ್ಲಿ ಹೆಂಗಸರು ಮುಂದೆ, ಆದರೂ ಒಟ್ಟು ಲೆಕ್ಕದಲ್ಲಿ ಹದಿನೈದು ಹಿಂದೆ. ಮೊದಲ ಸಲ ಸೋತ ಅದೇ ಟೇಬಲ್ ಈಗ ಬಂದಾಗ ಜನ ಮುಂದಕ್ಕೆ ಬಾಗಿ ಓದಿದ್ರು. ಯಾಕಂದ್ರೆ ಈಗ ಅವರಿಗೆ ಅದರಲ್ಲಿ ಹುಡುಕೋದಕ್ಕೆ ಏನೋ ಇತ್ತು.

ಆಗ ಸುಮಾರು ಹತ್ತು ನಿಮಿಷ ಆಗಿತ್ತು. ಟೇಬಲ್ ತೋರಿಸಿ ಸ್ವಲ್ಪ ಹೊತ್ತಾದ ಮೇಲೆ ನಾನು ಕೀಬೋರ್ಡಿನ B ಒತ್ತಿದೆ. ಪವರ್‌ಪಾಯಿಂಟಿನಲ್ಲಿ ಸ್ಲೈಡ್ ಓಡ್ತಿರುವಾಗ ಅದನ್ನೊತ್ತಿದ್ರೆ ತೆರೆ ಕಪ್ಪಾಗುತ್ತೆ, ಮತ್ತೆ ಒತ್ತಿದ್ರೆ ವಾಪಸ್. ಕಪ್ಪು ತೆರೆ ಇಟ್ಟುಕೊಂಡು "ಏನಾಗಿರಬಹುದು?" ಅಂತ ಕೇಳಿ ಸುಮ್ಮನಾದೆ. ಆ ಮೌನ ನಮಗೆ ತುಂಬಾ ಉದ್ದ ಅನ್ನಿಸುತ್ತೆ, ಕೂತವರಿಗೆ ಅದು ಯೋಚಿಸೋ ಸಮಯ. ಅಲ್ಲಿ ದಯವಿಟ್ಟು ಮಾತಾಡಬೇಡಿ.

ತಿರುವು ಮುಗಿದ ನಂತರ ಹತ್ತು ನಿಮಿಷ ಉಳಿದಿತ್ತು, ಅದು ಅಷ್ಟೂ ಬೇಕಾಯ್ತು. ಕೊನೆಯ ಸ್ಲೈಡಿಗೆ ಅಚ್ಚರಿ ಇಡೋರ ಜೊತೆ ನನ್ನ ಜಗಳ ಇರೋದು ಇಲ್ಲೇ. ಜನ ಬೆರಗಾಗಿ ಎದ್ದು ಹೋಗ್ತಾರೆ, ಅರ್ಥವಾಗದೆ ಹೋಗ್ತಾರೆ. ವಿವರಣೆಗೆ ನಾನು ಎರಡೇ ಸ್ಲೈಡ್ ಇಟ್ಟುಕೊಂಡೆ, ನಿಧಾನವಾಗಿ. ಎ ಮತ್ತು ಬಿ, ಸೀಟು ಸುಲಭವಾಗಿ ಸಿಗುವ ವಿಭಾಗಗಳು. ಗಂಡಸರಲ್ಲಿ 1,385 ಜನ, ಅಂದ್ರೆ ಅರ್ಧಕ್ಕಿಂತ ಹೆಚ್ಚು, ಅಲ್ಲಿಗೇ ಅರ್ಜಿ ಹಾಕಿದ್ರು. ಹೆಂಗಸರಲ್ಲಿ ಅಲ್ಲಿಗೆ ಹಾಕಿದ್ದು ಬರೀ 133 ಜನ. ಉಳಿದ 1,702 ಹೆಂಗಸರು ಹೋಗಿದ್ದು ಸೀಟು ಕಷ್ಟವಾಗಿದ್ದ ವಿಭಾಗಗಳಿಗೆ. ಒಟ್ಟು ಲೆಕ್ಕ ಹೋಲಿಸ್ತಿದ್ದದ್ದು ಗಂಡಸರನ್ನ ಹೆಂಗಸರ ಜೊತೆ ಅಲ್ಲ, ಸುಲಭದ ಬಾಗಿಲನ್ನ ಕಷ್ಟದ ಬಾಗಿಲ ಜೊತೆ.

ಇದಾದ ಮೇಲೆ ಹೆಸರು ಹೇಳಿದೆ: ಸಿಂಪ್ಸನ್ ವಿರೋಧಾಭಾಸ, ಅಂದ್ರೆ ಬಿಡಿ ಬಿಡಿ ಗುಂಪುಗಳಲ್ಲಿ ಕಂಡದ್ದು ಒಟ್ಟು ಲೆಕ್ಕದಲ್ಲಿ ಉಲ್ಟಾ ಆಗೋದು. ಅರ್ಥ ಆದ ಮೇಲೆ ಹೆಸರು ಬಂದ್ರೆ ಅದು ಅಂಟಿಕೊಳ್ಳುತ್ತೆ. ಜೊತೆಗೆ ಇನ್ನೊಂದು ಸಣ್ಣ ತಿರುವು. 1975ರಲ್ಲಿ ಇದನ್ನ ಪ್ರಕಟಿಸಿದ ಸಂಶೋಧಕರು "ಎಲ್ಲಾ ಸರಿ ಇದೆ" ಅಂದಿಲ್ಲ. ಹೆಂಗಸರನ್ನ ಕಿಕ್ಕಿರಿದ ಕ್ಷೇತ್ರಗಳ ಕಡೆಗೆ ತಳ್ಳೋದು ಹೆಣ್ಣುಮಕ್ಕಳನ್ನ ಬೆಳೆಸೋ ರೀತಿ, ಅವರಿಗೆ ಸಿಗೋ ಓದು ಅಂತ ಬೆರಳು ತೋರಿಸಿದ್ರು. ಕೈ ಎತ್ತಿದವರು ಪೂರ್ತಿ ತಪ್ಪಲ್ಲ ಅಂತಾಯ್ತು. ಇದನ್ನ ಬಿಟ್ಟಿದ್ರೆ ನಾನು ಅವರ ನಂಬಿಕೆಯ ಜೊತೆ ಆಟ ಆಡಿದ ಹಾಗಾಗ್ತಿತ್ತು.

ಇದು ಕೆಡೋ ಜಾಗಗಳೂ ಇವೆ. ಅಜೆಂಡಾ ಸ್ಲೈಡಿನಲ್ಲಿ "ಅನಿರೀಕ್ಷಿತ ಫಲಿತಾಂಶ" ಅಂತ ಒಂದು ಸಾಲಿದ್ರೆ ಸಾಕು, ಜನ ಅದಕ್ಕೇ ಕಾಯ್ತಾರೆ. ಫೈಲನ್ನ ಮೊದಲೇ ಮೇಲ್ ಮಾಡಿದ್ರೆ ತಿರುವು ಮೇಲಲ್ಲೇ ಆಗಿಹೋಗುತ್ತೆ. ಇನ್ನು, ನಿರ್ಧಾರ ತಗೊಳ್ಳೋಕೆ ಕೂತವರಿಗೆ ಕೆಟ್ಟ ಸುದ್ದಿ ಹೇಳೋದಿದ್ರೆ ಈ ವಿಧಾನ ಬೇಡವೇ ಬೇಡ. ಹಣ ಮುಳುಗಿದೆ ಅನ್ನೋದು ಮೊದಲ ಸ್ಲೈಡಿನಲ್ಲೇ ಇರಬೇಕು.

ತಿರುವು ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನೋದು ಅದರ ನಂತರ ಬರೋ ಮೊದಲ ಪ್ರಶ್ನೆಯಲ್ಲೇ ಗೊತ್ತಾಗುತ್ತೆ. "ಇದು ಹೇಗೆ?" ಅಂದ್ರೆ ಕೂತಿದೆ. "62 ಅಂದ್ರೆ ಯಾವುದರ ಶೇಕಡಾ?" ಅಂದ್ರೆ ಮೊದಲ ಐದು ಸ್ಲೈಡುಗಳಲ್ಲಿ ಎಲ್ಲೋ ನಾವು ಓಡಿಬಿಟ್ಟಿದೀವಿ, ಸರಿ ಮಾಡಬೇಕಾದ್ದು ಅಲ್ಲಿ.