ವರನಿಗೆ ಬಾಲ ಬಂದರೆ ಮರ

ಎಲ್ಲರಿಗೂ ನಮಸ್ಕಾರ. ಬ್ಯಾಂಕು, ರೈಲ್ವೆ ಎಂದು ಹೊರ ರಾಜ್ಯಗಳಿಂದ ಶಿವಮೊಗ್ಗಕ್ಕೆ ಬಂದು ಸಂಜೆ ತರಗತಿಯಲ್ಲಿ ಕನ್ನಡ ಓದಲು ಕಲಿಯುತ್ತಿರುವವರು ಮುಂದಿನ ಸಾಲುಗಳಲ್ಲಿದ್ದೀರಿ, ಕಲಿಸುವ ಮೇಷ್ಟ್ರುಗಳು ಹಿಂದೆ ಇದ್ದೀರಿ. ನನ್ನ ತಕರಾರು ಇರುವುದು ಹಿಂದಿನ ಸಾಲಿನವರ ಜೊತೆ.

ನೀವು ಗೋಡೆಗೆ ವರ್ಣಮಾಲೆಯ ಪಟ ತೂಗುಹಾಕಿ ಪಾಠ ಶುರುಮಾಡುತ್ತೀರಿ. ಆ ಪಟವನ್ನು ಜೋಡಿಸಿರುವುದು ಕಿವಿಯ ಲೆಕ್ಕದಲ್ಲಿ. ಪ, ಫ, ಬ, ಭ, ಮ ಒಂದು ಸಾಲು. ವ ಸಿಗಬೇಕಾದರೆ ಯ, ರ, ಲ ದಾಟಬೇಕು; ಷ ಇನ್ನೂ ಆಚೆ. ನೋಡಲು ಒಡಹುಟ್ಟಿದವರಂತಿರುವ ಪ, ವ, ಮ, ಷ ಆ ಪಟದಲ್ಲಿ ಅಕ್ಕಪಕ್ಕ ಕೂರುವುದೇ ಇಲ್ಲ. ಅವನ್ನು ಒಂದೇ ಬೆಂಚಿಗೆ ತರುವುದು ನಗೆಹನಿ.

ನಮ್ಮ ಕಡೆ ಹೇಳುವ ಕಥೆಯೊಂದಿದೆ. ನಡೆದದ್ದೋ ಕಟ್ಟಿದ್ದೋ ಕೇಳಬೇಡಿ. ಸಾಮಿಲ್ಲಿನ ಮುಂದೆ ಒಂದು ಬೋರ್ಡು: ‘ಇಲ್ಲಿ ಸಾಗುವಾನಿ, ಹೊನ್ನೆ, ಬೀಟೆ ಮರ ಸಿಗುತ್ತದೆ’. ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಎದ್ದು ‘ಮ’ದ ಬಾಲ ಉದುರಿಹೋಯಿತು. ಉಳಿದದ್ದು ‘ವರ’. ಹೊಸದಾಗಿ ಓದಲು ಕಲಿತ ಬ್ಯಾಂಕಿನ ಹುಡುಗ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿಕೊಂಡ. ಊರಲ್ಲಿ ವರ ಸಿಗುತ್ತಾನೆ, ಅದೂ ಮೂರು ಜಾತಿಯಲ್ಲಿ! ಒಳಗೆ ಹೋಗಿ ತಂಗಿಗೆ ಒಂದು ಬೇಕೆಂದು ವಿಚಾರಿಸಿದ. ಮಾಲೀಕರು ಗಂಭೀರವಾಗಿ, ‘ಎಷ್ಟು ಉದ್ದ ಬೇಕು, ಎಷ್ಟು ದಪ್ಪ?’ ಎಂದರು. ‘ಉದ್ದ ಆರಡಿ ಸಾಕು’ ಎಂದ ಹುಡುಗ. ‘ಹಸಿಯದೋ, ಒಣಗಿದ್ದೋ?’ ‘ಸ್ವಲ್ಪ ಬಲಿತಿದ್ದರೆ ಒಳ್ಳೆಯದು’. ‘ಹಾಗಾದರೆ ಹೊನ್ನೆ ತೆಗೆದುಕೊಳ್ಳಿ, ಹುಳ ಹಿಡಿಯುವುದಿಲ್ಲ’.

ನಕ್ಕಿರಿ, ಸಂತೋಷ. ಮುಂದಿನ ಸಾಲಿನವರು ಈಗ ನಿಮ್ಮ ಪುಸ್ತಕದಲ್ಲಿ ‘ವ’ ಬರೆಯಿರಿ. ಅದರ ಬಲತುದಿಯಿಂದ ಪಕ್ಕಕ್ಕೆ ಒಂದು ಬಾಲ ಎಳೆದು ಮೇಲಕ್ಕೆ ಸುರುಳಿ ಸುತ್ತಿ. ‘ಮ’ ಆಯಿತು. ಬಾಲ ಅಳಿಸಿ ಮತ್ತೆ ‘ವ’ಕ್ಕೆ ಬನ್ನಿ, ನೆತ್ತಿ ತೆರೆಯಿರಿ. ‘ಪ’ ಆಯಿತು. ಅದರೊಳಗೆ ಓರೆಗೆರೆ ಎಳೆದರೆ ‘ಷ’. ಹೋಟೆಲಿನ ಹಲಗೆಯಲ್ಲಿ ಉದ್ದಿನ ವಡೆಯ ನೆತ್ತಿ ತೆರೆದುಕೊಂಡಿದ್ದರೆ ‘ಬಿಸಿ ಬಿಸಿ ಪಡೆ ಸಿದ್ಧವಿದೆ’ ಎಂದಾಗುತ್ತದೆ. ತಟ್ಟೆಗೆ ಬರುವುದು ಸೈನ್ಯ. ಇಡೀ ಅಕ್ಷರವನ್ನು ದಿಟ್ಟಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ನೆತ್ತಿ ನೋಡಿ, ಬಾಲ ನೋಡಿ.

ಈಗ ಒಂದು ತೊಡಕು. ‘ಕು’, ‘ನು’, ‘ರು’ ಬರೆಯುವಾಗ ಕೊಂಬನ್ನು ಪಕ್ಕಕ್ಕೆ ಹಚ್ಚುತ್ತೀರಲ್ಲ, ‘ವ’ಕ್ಕೂ ಹಾಗೆಯೇ ಹಚ್ಚಿದರೆ ಏನಾಗುತ್ತದೆ? ಅದು ‘ಮ’ವೇ ಆಗಿಬಿಡುತ್ತದೆ! ಆದ್ದರಿಂದ ‘ವು’ ಬರೆಯುವಾಗ ಕೊಂಬನ್ನು ಅಕ್ಷರದ ಅಡಿಯಿಂದ ಇಳಿಬಿಟ್ಟು ಆಮೇಲೆ ಬಲಕ್ಕೆ ತಿರುಗಿಸುತ್ತೇವೆ. ‘ಪು’ಗೂ ಹಾಗೆಯೇ. ಬೇಸಿಗೆಯಲ್ಲಿ ಹಣ್ಣಿನ ಗಾಡಿಯವನು ರಟ್ಟಿನ ಮೇಲೆ ‘ಮಾವು’ ಎಂದು ಅವಸರದಲ್ಲಿ ಗೀಚಿ ಕೊಂಬನ್ನು ಒಂದಿಷ್ಟು ಮೇಲಕ್ಕೆ ಎಳೆದನೋ, ‘ಮಾಮ, ಕಿಲೋ ನೂರು ರೂಪಾಯಿ’. ಅಂಥ ದರಕ್ಕೆ ನಮ್ಮ ಮಾಮನನ್ನು ಕೊಡಲು ಅತ್ತೆ ಒಪ್ಪಿಯಾರು, ಆ ಮಾತು ಬೇರೆ. ಅನುಮಾನ ಬಂದರೆ ಬಾಲ ಎಲ್ಲಿಂದ ಹೊರಟಿದೆ ಎಂದು ನೋಡಿ. ಪಕ್ಕದಿಂದ ಹೊರಟಿದ್ದರೆ ‘ಮ’, ಅಡಿಯಿಂದ ಇಳಿದಿದ್ದರೆ ‘ವು’. ತೆಲುಗಿನಿಂದ ಬಂದವರಿಗೆ ಇದು ಹೊಸದಲ್ಲ, ಅಲ್ಲಿಯೂ ಇದೇ ಪಾಡು.

ಮೇಷ್ಟ್ರೇ, ಮತ್ತೆ ನಿಮ್ಮ ಕಡೆಗೆ ಬರುತ್ತೇನೆ. ನಮ್ಮ ನಲಿಕಲಿ ಶಾಲೆಗಳಲ್ಲಿ ಮಕ್ಕಳು ‘ರಗಸದಅ, ಜವಮಬನ’ ಎಂದು ಕಲಿಯುತ್ತವೆ. ಅಲ್ಲಿ ವ, ಮ ಅಕ್ಕಪಕ್ಕದಲ್ಲಿವೆ ನೋಡಿ. ಮಕ್ಕಳಿಗೆ ಕೊಟ್ಟ ಅನುಕೂಲವನ್ನು ದೊಡ್ಡವರಿಗೆ ಯಾಕೆ ಕೊಡಬಾರದು?

ಮರಕ್ಕೆ ಇನ್ನೊಂದು ಅಪಾಯವಿದೆ. ‘ರ’ದ ಹೊಟ್ಟೆಯೊಳಗೆ ಚುಕ್ಕೆ ಬಿದ್ದರೆ ‘ಠ’. ನೊಣ ಬಂದು ಕೂತರೂ ಸಾಕು, ಮರ ಮಠವಾಗುತ್ತದೆ. ಬಾಲ ಬಂದು ವರ ಮರವಾದ, ಚುಕ್ಕೆ ಬಿದ್ದು ಮರ ಮಠವಾಯಿತು. ಕೆಲವು ಮದುವೆಗಳ ಚರಿತ್ರೆಯೂ ಇಷ್ಟೇ.

ಸಂಘಟಕರು ಚೀಟಿ ಕಳುಹಿಸಿದ್ದಾರೆ. ‘ಸಾಕು’ ಎಂದಿರಬೇಕು. ಸ, ನ ಎರಡೂ ಒಂದೇ ಥರ ಕಾಣುವ ಕೈಬರಹ. ‘ನಾಕು’ ಎಂದು ಓದಿಕೊಂಡು ನಾಲ್ಕು ನಿಮಿಷ ತೆಗೆದುಕೊಳ್ಳುತ್ತೇನೆ. ದ, ಧ, ಥಗಳನ್ನು ಬಿಟ್ಟೆ.

ಅರ್ಕಾವತ್ತನ್ನು ಮಾತ್ರ ಬಿಡಲಾರೆ. ಅದು ನೋಡಲು ಕನ್ನಡದ ಒಂಬತ್ತರ ಹಾಗೆಯೇ, ‘೯’. ಅಕ್ಷರದ ನಂತರ ಬರೆದು ಮೊದಲು ಓದುವ ವಿಚಿತ್ರ ಅದು. ಬಸ್ಸಿನ ಹಲಗೆಯಲ್ಲಿ ತೀರ್ಥಹಳ್ಳಿಯನ್ನು ನೋಡಿದ ಹೊಸಬ ಓದುತ್ತಾನೆ: ‘ತೀಥ, ಒಂಬತ್ತು ಹಳ್ಳಿ’. ಒಂಬತ್ತು ಹಳ್ಳಿ ಸುತ್ತುವ ಬಸ್ಸು ನನಗೆ ಬೇಡ ಎಂದು ಕೆಳಗೇ ನಿಲ್ಲುತ್ತಾನೆ. ಹಿಂದೆ ಟೈಪು ಮಾಡುವವರು ಅರ್ಕಾವತ್ತು ಸಿಗದೆ ಒಂಬತ್ತನ್ನೇ ಒತ್ತಿದ್ದೂ ಉಂಟು, ‘ಸೂಯ೯’ ಎಂದು. ಗುರುತು ಸುಲಭ: ಅಂಕಿ ಒಂಟಿಯಾಗಿ ಅಥವಾ ಬೇರೆ ಅಂಕಿಗಳ ಜೊತೆ ನಿಲ್ಲುತ್ತದೆ. ಪದದ ನಡುವೆ ಅಕ್ಷರಕ್ಕೆ ಅಂಟಿಕೊಂಡು ಕಂಡರೆ, ಒಂದು ಹೆಜ್ಜೆ ಹಿಂದೆ ಸರಿದು ಆ ಅಕ್ಷರಕ್ಕೂ ಮೊದಲು ‘ರ್’ ಹೇಳಿ. ತೀ, ರ್, ಥ. ಬಸ್ಸು ಹತ್ತಿ.